ಕೆಂಪು ಬರದ ನೀರು

ಘೋಣಸಗಿಯ ಬೋರ್‌ವೆಲ್ ನೀರಿನ ಕ್ಲೋರೈಡ್, ಅಂದರೆ ಉಪ್ಪಿನಂಶ, ನೋಡಲು ನಮ್ಮ ಲ್ಯಾಬಿನ ಹಿರಿಯರು ಅಳತೆಯ ಗಾಜುಕೊಳವೆ ಬ್ಯುರೆಟ್ಟಿನ ಸಿಲ್ವರ್ ನೈಟ್ರೇಟನ್ನೆಲ್ಲ ಸುರಿದರೂ, ಉಪ್ಪೆಲ್ಲ ಬೆಳ್ಳಿಗೆ ಅಂಟಿ ಮುಗಿದಾಗ ಬರಬೇಕಾದ ಇಟ್ಟಿಗೆಗೆಂಪು ಬರಲಿಲ್ಲ. "ಭಾಳ ಉಪ್ಪ ಐತಿ, ಕುಡ್ಯಾಕ ಬರಂಗಿಲ್ಲಂತ ಬರಿಯವಾ" ಅಂದರು.

ಮೊದಲಿಗೆ, ಆ ಕೆಂಪು ತೋರಿಸುವ ಕ್ರೋಮೇಟ್ ಹಾಕಿದಾಗಲೇ ನೀರು ಹಳದಿಯಾಗದೆ ಕಿತ್ತಳೆಯಾಗಿತ್ತು. ಇಪ್ಪತ್ತು ವರ್ಷದ ಅನುಭವಕ್ಕೆ ಅದು ಕಾಣಲಿಲ್ಲ. ಲೋಹಗಳ ಪರೀಕ್ಷೆಗೆಂದು ಆಸಿಡ್ ಹಾಕಿಟ್ಟಿದ್ದ ಬಾಟಲಿಯನ್ನೇ ಎತ್ತಿಕೊಂಡಿದ್ದರು, ಪಿಎಚ್ ಎರಡು. ಆರೂವರೆಗಿಂತ ಕೆಳಗೆ ಕ್ರೋಮೇಟ್ ಡೈಕ್ರೋಮೇಟ್ ಆಗತೊಡಗುತ್ತದೆ, ಕೆಂಪು ಸಮಯಕ್ಕೆ ಬರುವುದಿಲ್ಲ. ಅದನ್ನು ಹೇಳಿದರೆ ಆಸಿಡ್ ಇಳಿಸಲು ಕಾಸ್ಟಿಕ್ ಸೋಡಾದ ಡಬ್ಬಿಗೆ ಕೈ ಹಾಕಿದರು. ಅದು ಹೆಚ್ಚಾಗಿ ಪಿಎಚ್ ಒಂಬತ್ತು ದಾಟಿದರೆ ಬೆಳ್ಳಿಯೇ ಕಂದು ಗಸಿಯಾಗಿ ಕೂರುತ್ತದೆ ಎಂದು ತಡೆದೆ.

ಆಸಿಡ್ ಹಾಕದ ಬಾಟಲಿ ಪಕ್ಕದಲ್ಲೇ ಇತ್ತು. ನಾನೇ ಮಾಡಿದೆ, ಅರ್ಧ ಬ್ಯುರೆಟ್ಟಿಗೂ ಮೊದಲೇ ಕೆಂಪು ಬಂತು. ಉಪ್ಪು ಮಿತಿಯೊಳಗೇ ಇತ್ತು, ಕುಡಿಯುವ ನೀರೇ. ಸಹಿ ಹಾಕುತ್ತ ಅವರು, "ಹಿಂಗ ನನ್ನ ನೋಡಿ ಕಲೀಬೇಕವಾ" ಅಂದರು.