ಮಡಕೆ ಬಡಿದವರು ಯಾರು

ಸೇಲಂನ ನೋಂದಣಿ ಕಚೇರಿಯಲ್ಲಿ ವರ್ಷಗಟ್ಟಲೆ ಸಹಿ, ಹೆಬ್ಬೆಟ್ಟು ಹೋಲಿಸಿ ನೋಡಿದವಳು ನಾನು. ಆ ಕಣ್ಣು ರಜೆಯಲ್ಲೂ ಸುಮ್ಮನಿರುವುದಿಲ್ಲ. ಅದಿಯಮಾನ್‌ಕೋಟೆ ಹತ್ತಿರದ ಆರು ದಿನಗಳ ಕುಂಬಾರಿಕೆ ಶಿಬಿರಕ್ಕೆ ಹೆಸರು ಕೊಡುವಾಗಲೇ ಕರಪತ್ರದ ಒಂದು ಸಾಲು ನನ್ನನ್ನು ಕೆಣಕಿತ್ತು: 'ಪೂರ್ತಿ ನಿಮ್ಮ ಕೈಯಿಂದಲೇ ಮಾಡಿದ ಮಡಕೆ ಮನೆಗೆ ಒಯ್ಯಿರಿ.' ಆರು ದಿನದಲ್ಲಿ ಅದು ಯಾರಿಗೆ ಬರುತ್ತದೆ?

ನಾವು ಏಳು ಜನ, ಎಲ್ಲರೂ ನಲವತ್ತು ದಾಟಿದವರು. ಊಟ, ವಸತಿ ಶಿಬಿರ ನಡೆಸುವವರ ಹೆಂಚಿನ ಮನೆಯಲ್ಲಿ. ಕಲಿಕೆ ಪಕ್ಕದ ಬೀದಿಯ ಕುಂಬಾರ ದಂಪತಿಯ ಅಂಗಳದಲ್ಲಿ. ಮೊದಲ ದಿನವೆಲ್ಲ ಮಣ್ಣು ತುಳಿದು ಕಲ್ಲು ಆರಿಸಿದೆವು. ಎರಡನೆಯ ದಿನ ತಿಗರಿಯ ಮುಂದೆ ಕೂತೆವು. ತಿರುಗುವ ಮಣ್ಣಿನ ಮುದ್ದೆ ನಟ್ಟನಡುವೆ ನಿಲ್ಲದೆ ಕೈಯನ್ನು ಒದೆಯುತ್ತಿತ್ತು. ಸಂಜೆಯ ಹೊತ್ತಿಗೆ ನನ್ನದೊಂದು ದಪ್ಪ ಗೋಡೆಯ, ಸೊಟ್ಟ ಬಾಯಿಯ ಮಡಕೆ ಎದ್ದಿತು. ಕುಂಬಾರರು ಅದನ್ನು ದಾರದಿಂದ ಕೊಯ್ದು ನೆರಳಿಗಿಟ್ಟರು. ಯಾರೂ ನೋಡದಾಗ ನಾನು ಹೇರ್‌ಪಿನ್ನಿನಿಂದ ಅದರ ಹೊಟ್ಟೆಯ ಮೇಲೆ ಸಣ್ಣದೊಂದು ಗೀಟು ಎಳೆದೆ.

ಕೈ ತೊಳೆಯಲು ತೊಟ್ಟಿಯ ಬಳಿ ಹೋದಾಗ ಗಂಡ ಹೆಂಡತಿಯ ಮಾತು ಕಿವಿಗೆ ಬಿತ್ತು. ದಿನವೆಲ್ಲ ನಮ್ಮೊಂದಿಗೆ ತಮಿಳು ಆಡಿದವರು ಈಗ ಕನ್ನಡದಲ್ಲಿದ್ದರು.

"ಆ ಯಮ್ಮಂದು ಭಾಳ ದಪ್ಪ ಐತೆ. ಅವ್ರು ಬರೋದ್ರೊಳ್ಗೆ ಎಲ್ಲಾ ಮುಗ್ಸುಬುಡ್ಬೇಕು."

"ಗೊತ್ತಾದ್ರೆ?"

"ಎಂಗ್ ಗೊತ್ತಾಗ್ತದೆ? ಟಿಫನ್ ಮುಗ್ಸಿ ಒಂಬತ್ತು ಗಂಟೆಗಲ್ವಾ ಬರೋದು."

ನನ್ನ ಮನೆಮಾತೂ ಕನ್ನಡವೇ. ಹೇಳಲಿಲ್ಲ.

ಮರುದಿನ ನನ್ನ ಜಾಗದಲ್ಲಿದ್ದ ಮಡಕೆ ತೆಳ್ಳಗೆ, ದುಂಡಗೆ, ನಿನ್ನೆಗಿಂತ ದೊಡ್ಡದಾಗಿತ್ತು. ಗೀಟು ಇರಲಿಲ್ಲ. ಪಕ್ಕದ ನಿವೃತ್ತ ಟೀಚರಮ್ಮ ತಮ್ಮದರ ಫೋಟೋ ತೆಗೆದು ಮಗಳಿಗೆ ಕಳಿಸುತ್ತಿದ್ದರು. ಶಿಬಿರದ ಮೇಲ್ವಿಚಾರಕನನ್ನು ಕೇಳಿದರೆ, "ಒಣಗಿದಾಗ ಹಾಗಾಗುತ್ತೆ ಮೇಡಂ" ಎಂದು ತಮಿಳಿನಲ್ಲಿ ನಕ್ಕ. ಒಣಗಿದ ಮಣ್ಣು ಕುಗ್ಗಬೇಕು, ನನ್ನದು ಹಿಗ್ಗಿತ್ತು. ಬದಲಾಯಿಸಿದ್ದಾರೆ ಎಂದೇ ತೀರ್ಮಾನಿಸಿದೆ. ಅಂದೂ ಒಂದು ಮಡಕೆ ತಿರುಗಿಸಿದೆ. ಬೆರಳು ಜಾರಿ ಅದರ ಬಾಯಿಯಲ್ಲೊಂದು ತಗ್ಗು ಬಿತ್ತು.

ನಾಲ್ಕನೆಯ ದಿನ ಬೆಳಕು ಹರಿಯುವಾಗಲೇ ಹೋದೆ. ತಗಡಿನ ಚಪ್ಪರದಡಿ ಕುಂಬಾರರು ಒಂದು ಮಡಕೆಯನ್ನು ತೊಡೆಯ ಮೇಲಿಟ್ಟುಕೊಂಡು, ಒಳಗೆ ನುಣುಪಾದ ಕಲ್ಲು ಹಿಡಿದು, ಹೊರಗಿನಿಂದ ಮರದ ಹಲಗೆಯಲ್ಲಿ ಬಡಿಯುತ್ತಿದ್ದರು. ಅಂಟದಿರಲೆಂದು ನಡುನಡುವೆ ಬೂದಿ. ಪ್ರತಿ ಏಟಿಗೂ ಗೋಡೆ ತೆಳುವಾಗಿ ಹೊಟ್ಟೆ ಅಗಲವಾಗುತ್ತಿತ್ತು. ಬಾಯಿ ನೋಡಿದೆ. ನನ್ನ ಬೆರಳಿನ ತಗ್ಗು ಅಲ್ಲೇ ಇತ್ತು.

"ಅದು ನಂದೇ ಅಲ್ವೇನಣ್ಣ?" ಎಂದೆ, ಕನ್ನಡದಲ್ಲಿ.

ಅವರ ಕೈ ನಿಂತಿತು. ಹೆಂಡತಿ ನನ್ನನ್ನೇ ದಿಟ್ಟಿಸಿದರು. "ನಿಮ್ಗೆ ಕನ್ನಡ ಬತ್ತದಾ? ಇಷ್ಟು ದಿವ್ಸ ಸುಮ್ಕೆ ಕೇಳಿಸ್ಕೊಂಡಿದ್ರಾ?"

ನಾನು ಮಡಕೆಯ ಬಾಯಿಯ ತಗ್ಗಿಗೆ ಬೆರಳಿಟ್ಟು ತೋರಿಸಿದೆ.

"ನಿಮ್ದೇ ಕಣಮ್ಮ," ಎಂದರು ಕುಂಬಾರರು. "ದಪ್ಪ ಬಿಟ್ರೆ ಆವಿಗೆ ಬೆಂಕೀಲಿ ಸಿಡೀತದೆ, ಪಕ್ಕದ್ನೂ ಒಡೀತದೆ. ಬಡಿಬೇಕಂದ್ರೆ ಅರೆಬರೆ ಒಣಗಿರ್ಬೇಕು. ನೀವು ಬರೋಗಂಟ ಮಣ್ಣು ಕಾಯಕಿಲ್ಲ."

"ಹೇಳ್ಬೋದಿತ್ತಲ್ಲ?"

"ಕ್ಯಾಂಪ್ನವ್ರು ಏಳ್ಬ್ಯಾಡಿ ಅಂದವ್ರೆ."

ಮೊದಲ ಮಡಕೆಯ ಗೀಟು ಹೀಗೆ ಬಡಿಯುವಾಗಲೇ ಅಳಿಸಿಹೋಗಿತ್ತು. ಕಳ್ಳತನ ಹುಡುಕಲು ಹೋದವಳಿಗೆ ನಾಚಿಕೆಯಾಯಿತು. ಆದರೂ ಕರಪತ್ರದ ಸಾಲು ಸುಳ್ಳೆಂಬ ಅಸಮಾಧಾನವೂ ಹೋಗಲಿಲ್ಲ. ನಾನೇ ಬಡಿಯುತ್ತೇನೆಂದು ಕೂತೆ. ಒಳಗಿನ ಕಲ್ಲೂ ಹೊರಗಿನ ಹಲಗೆಯೂ ಒಂದೇ ಕಡೆ ಸೇರಬೇಕು. ನನ್ನ ಏಟು ತಪ್ಪಿ ಗೋಡೆ ತೂತಾಯಿತು. ಹೆಂಡತಿ ಹಸಿ ಮಣ್ಣಿನ ತೇಪೆ ಹಾಕಿ, ನನ್ನ ಮಣಿಕಟ್ಟು ಹಿಡಿದು ಬಡಿಸಿದರು.

ತಿಂಡಿಯ ಹೊತ್ತಿಗೆ ಉಳಿದವರಿಗೆ ಹೇಳಿದೆ. ಟೀಚರಮ್ಮ ತಟ್ಟೆ ದೂಡಿದರು. "ನನ್ ಮಡಕೆ ನಂದೇ ಅಂತ ಖುಷಿಯಾಗಿದ್ದೆ. ನಿಮಗೇನು ಸಿಕ್ಕಿತು ಇದರಿಂದ?" ಆಮೇಲೆ ಅವರು ನನ್ನೊಡನೆ ಮಾತಾಡಲಿಲ್ಲ. ಮೇಲ್ವಿಚಾರಕನಿಗೆ, ಬೆಳಗಿನ ಕೆಲಸಕ್ಕೂ ನಮ್ಮನ್ನು ಕರೆಯಬೇಕಿತ್ತು ಎಂದರೆ, "ರಜೆಗೆ ಬಂದವರು ಐದಕ್ಕೆ ಏಳ್ತಾರಾ ಮೇಡಂ?" ಎಂದ.

ಅಂದಿನಿಂದ ಆ ದಂಪತಿ ನನ್ನ ಎದುರಿಗೆ ತಮ್ಮತಮ್ಮಲ್ಲೂ ತಮಿಳನ್ನೇ ಆಡಿದರು. ನನಗೆ ನೋವಾದದ್ದು ಅದಕ್ಕೆ.

ಐದನೆಯ ದಿನದ ಬಿಸಿಲಲ್ಲಿ ಮಡಕೆಗಳು ಒಣಗಿದವು. ಸಂಜೆ ತೆಂಗಿನ ಸಿಪ್ಪೆ, ಸೌದೆಯ ಮೇಲೆ ಅವನ್ನು ಜೋಡಿಸಿ, ಹುಲ್ಲು ಹೊದಿಸಿ, ಕೆಸರು ಮೆತ್ತಿ ಆವಿಗೆಗೆ ಬೆಂಕಿ ಇಟ್ಟರು. ಮರುದಿನ ಮಧ್ಯಾಹ್ನ ಬೂದಿ ಸರಿಸಿದಾಗ ಎಲ್ಲವೂ ಕೆಂಪಗೆ, ಇಡಿಯಾಗಿ ಬಂದವು. ನಾನು ಬಡಿದದ್ದು ಮಾತ್ರ ತೇಪೆಯ ಸುತ್ತ ಸೀಳಿತ್ತು.

ಕುಂಬಾರರ ಹೆಂಡತಿ ನನ್ನ ಎರಡೂ ಮಡಕೆಗಳನ್ನು ಹುಲ್ಲಿನಲ್ಲಿ ಸುತ್ತಿ ಕೊಟ್ಟರು. ಗೇಟಿನವರೆಗೆ ಬಂದು, ಮೆಲ್ಲಗೆ ಕನ್ನಡದಲ್ಲೇ ಹೇಳಿದರು: "ಬಸ್ಸಲ್ಲಿ ಮಡ್ಲಲ್ಲಿ ಇಟ್ಕಳ್ಳಿ. ಕೆಳಗಿಟ್ರೆ ಅಲ್ಲಾಡಿ ಒಡೆದೋಗ್ತದೆ."