ಸರಿಯಾಗಿಯೇ ಇದ್ದ ಪಾಸ್‌ವರ್ಡ್

ಮೂಡುಬಿದಿರೆಯಲ್ಲಿ ಒಂದು ರಕ್ತಪರೀಕ್ಷೆಯ ಲ್ಯಾಬ್. ಅದಕ್ಕೆ ಬಂಟ್ವಾಳದಲ್ಲಿ ಒಂದು, ಬೆಳ್ತಂಗಡಿಯಲ್ಲಿ ಒಂದು ಶಾಖೆ. ಮೂರೂ ಕಡೆಯ ಕಂಪ್ಯೂಟರ್‌ಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಸರ್ವರ್ ಇರುವುದು ಮೂಡುಬಿದಿರೆಯಲ್ಲಿ. ಶಾಖೆಯವರು ಬೆಳಿಗ್ಗೆ ಬಂದು ರಿಮೋಟ್ ಡೆಸ್ಕ್‌ಟಾಪ್ ಮೂಲಕ ಅದರೊಳಗೆ ಲಾಗಿನ್ ಆದರೆ ಮಾತ್ರ ರೋಗಿಯ ಹೆಸರು ಬರೆದುಕೊಳ್ಳಬಹುದು, ರಿಪೋರ್ಟ್ ತೆಗೆಯಬಹುದು.

ಬೆಳ್ತಂಗಡಿ ಶಾಖೆಯನ್ನು ಹನ್ನೆರಡು ವರ್ಷಗಳಿಂದ ನಡೆಸುತ್ತಿದ್ದವರು ಒಬ್ಬ ಹಿರಿಯ ಟೆಕ್ನಿಷಿಯನ್. ಎಲ್ಲರಿಗೂ ಅವರು ಅಕ್ಕ. ಎಂಥ ಸಣ್ಣ ನರವಾದರೂ ಒಂದೇ ಚುಚ್ಚಿಗೆ ಸಿಗುವ ಕೈ ಅವರದು. ಅವರ ತಾಯಿ ಜಾರಿಬಿದ್ದು ಸೊಂಟದ ಮೂಳೆ ಮುರಿದುಕೊಂಡಾಗ ಎರಡು ತಿಂಗಳಿಗೂ ಹೆಚ್ಚು ರಜೆ ಹಾಕಿ ಮಂಗಳೂರಿನ ಆಸ್ಪತ್ರೆಯಲ್ಲಿದ್ದರು. ಅಷ್ಟು ದಿನ ಅವರ ಜಾಗದಲ್ಲಿ ಹೊಸದಾಗಿ ಸೇರಿದ ಒಬ್ಬ ಹುಡುಗಿ ಕೂತಿದ್ದಳು. ಅಕ್ಕ ವಾಪಸು ಬರುವ ದಿನ ಅವಳನ್ನು ಬಂಟ್ವಾಳಕ್ಕೆ ಕಳಿಸಲಾಗಿತ್ತು.

ಆ ಸೋಮವಾರ ಎಂಟೂವರೆಗೆ ಅಕ್ಕನ ಫೋನ್ ಬಂತು.

"ಇದು ನನ್ನನ್ನು ಒಳಗೆ ಬಿಡುದಿಲ್ಲ ಮಾರಾಯ್ರೇ. ಅಥೆಂಟಿಕೇಶನ್ ಎರರ್ ಅಂತ ಬರ್ತಾ ಉಂಟು."

ನಾವಿಬ್ಬರೂ ತುಳುವಿನವರೇ, ಆದರೆ ಕಂಪ್ಯೂಟರಿನ ವಿಷಯ ಬಂದರೆ ಮಾತು ತಾನಾಗಿ ಕನ್ನಡಕ್ಕೆ ತಿರುಗುತ್ತದೆ. ನಾನು ತೋಡಾರಿನ ಮನೆಯಲ್ಲಿ ತಿಂಡಿ ತಿನ್ನುತ್ತಿದ್ದೆ. ಅರ್ಧ ಗಮನದಲ್ಲೇ ಹೇಳಿದೆ, "ಪಾಸ್‌ವರ್ಡ್ ತಪ್ಪಿರ್ಬೇಕು ಅಕ್ಕ. ಇನ್ನೊಮ್ಮೆ ಹಾಕಿ ನೋಡಿ."

ಐದು ನಿಮಿಷ ಬಿಟ್ಟು ಮತ್ತೆ ಫೋನ್. ಮತ್ತೆ ಅದೇ ಉತ್ತರ ಕೊಟ್ಟೆ. ಮೂರನೆಯ ಸಲ, "ಮೊದಲನೇ ಅಕ್ಷರ ದೊಡ್ಡದಿತ್ತಲ್ವಾ, ದೊಡ್ಡದು ಮಾಡಿ ಹಾಕಿ," ಎಂದೆ. ನನಗೆ ಅದು ನೆನಪಿರಲಿಲ್ಲ, ಸುಮ್ಮನೆ ಊಹಿಸಿದ್ದೆ. ಆಗಲೂ ಆಗಲಿಲ್ಲ. ಅಕ್ಕನ ದನಿ ಏರಿತು.

"ಹನ್ನೆರಡು ವರ್ಷದಿಂದ ಪಾಸ್‌ವರ್ಡ್ ಹಾಕ್ತಾ ಬಂದವಳು, ಎರಡು ತಿಂಗಳಲ್ಲಿ ಮರೀತೇನಾ ನಾನು? ಒಂದು ಮಾತು ಕೇಳ್ತೇನೆ. ನನ್ನ ಹೆಸರು ತೆಗೆದಿದ್ದೀರಾ ನೀವು? ತೆಗೆದಿದ್ರೆ ಬಾಯಿಬಿಟ್ಟು ಹೇಳಿ. ಬೆಳಗ್ಗೆ ಬೆಳಗ್ಗೆ ಜನರ ಎದುರು ಹೀಗೆ ಮಾಡ್ಬೇಡಿ."

ನಾನು ತಟ್ಟೆ ಸರಿಸಿ ಎದ್ದೆ. ರಜೆ ಮುಗಿಸಿ ಬಂದವರ ಎದುರು ಬಾಗಿಲು ಮುಚ್ಚಿದ್ದನ್ನು ಅವರು ಕೆಲಸದಿಂದ ತೆಗೆದ ಸೂಚನೆ ಎಂದು ಓದಿಕೊಂಡಿದ್ದರು. ಅವರ ಜಾಗದಲ್ಲಿ ಎಳೆಯ ಹುಡುಗಿ ಕೂತದ್ದನ್ನು ಕೇಳಿದವರಿಗೆ ಹಾಗೆ ಅನ್ನಿಸಿದರೆ ತಪ್ಪೇನು?

"ಇಲ್ಲ ಅಕ್ಕ, ಹಾಗೆ ಯಾರೂ ಮಾಡ್ಲಿಲ್ಲ. ಹತ್ತು ನಿಮಿಷ ಕೊಡಿ, ನಾನೇ ಲ್ಯಾಬಿಗೆ ಹೋಗಿ ನೋಡ್ತೇನೆ."

"ಕೊಕ್ಕಡದಿಂದ ಒಬ್ಬರು ಅಜ್ಜ ಬಂದಿದ್ದಾರೆ, ಖಾಲಿ ಹೊಟ್ಟೆಯಲ್ಲಿ. ಕೂರಿಸ್ಲಿಕ್ಕೆ ಆಗುದಿಲ್ಲ. ನಾನು ಪುಸ್ತಕದಲ್ಲಿ ಬರೆದು ರಕ್ತ ತೆಗೀತೇನೆ," ಎಂದು ಫೋನ್ ಇಟ್ಟರು.

ಸ್ಕೂಟರಿನಲ್ಲಿ ಮೂಡುಬಿದಿರೆಗೆ ಹೋಗಿ ಸರ್ವರಿನ ಎದುರು ಕೂತೆ. ಲ್ಯಾಬಿನ ಯಜಮಾನರಾದ ಡಾಕ್ಟರು ಹಿಂದೆ ಬಂದು ನಿಂತರು. "ಸರ್ವರ್ ಹಾಳಾಗಿದೆಯಾ?"

ನೋಡಿದೆ. ರಿಮೋಟ್ ಡೆಸ್ಕ್‌ಟಾಪ್ ಸರ್ವಿಸ್ ಓಡುತ್ತಿತ್ತು. ಅದು ನಿಂತಿದ್ದರೆ ಬಂಟ್ವಾಳದವರಿಗೂ ಆಗಬಾರದಿತ್ತು, ಅವರು ಆರಾಮವಾಗಿ ಕೆಲಸ ಮಾಡುತ್ತಿದ್ದರು. ಒಳಗೆ ಇರುವವರ ಪಟ್ಟಿ ತೆಗೆದೆ. ಆರು ಮಂದಿಗೆ ಲೈಸೆನ್ಸ್ ಇರುವಲ್ಲಿ ಇದ್ದದ್ದು ಮೂರು ಸೆಷನ್. ಎರಡು ಬಂಟ್ವಾಳದ್ದು, ಮೂರನೆಯದು ಆ ಹೊಸ ಹುಡುಗಿ ಶನಿವಾರ ಲಾಗ್ ಆಫ್ ಮಾಡದೆ ಪರದೆಯ ಮೇಲಿನ ಕಿಟಕಿಯನ್ನಷ್ಟೇ ಮುಚ್ಚಿ ಹೋದದ್ದು. ಜಾಗ ಬೇಕಾದಷ್ಟಿತ್ತು. ಅಕ್ಕನ ಖಾತೆಯೂ ಇತ್ತು. ಯಾರೂ ನಿಲ್ಲಿಸಿರಲಿಲ್ಲ, ರಿಮೋಟ್ ಬಳಕೆಯ ಗುಂಪಿನಲ್ಲಿ ಹೆಸರು ಹಾಗೇ ಇತ್ತು.

"ಮೊನ್ನೆ ಯಾರೋ ಹೇಳಿದ್ರು, ನೆಟ್‌ವರ್ಕ್ ಲೆವೆಲ್ ಅಥೆಂಟಿಕೇಶನ್ ಅಂತ ಒಂದು ಟಿಕ್ ಉಂಟಂತೆ. ಅದನ್ನು ತೆಗೆದ್ರೆ ಎಲ್ಲ ಸರಿಯಾಗ್ತದಂತೆ. ತೆಗೆದುಬಿಡುವ," ಎಂದರು ಡಾಕ್ಟರು.

ಆ ಟಿಕ್ ಇದ್ದರೆ ಸರ್ವರ್ ತನ್ನ ಲಾಗಿನ್ ಪರದೆಯನ್ನು ತೋರಿಸುವ ಮೊದಲೇ ಹೆಸರು, ಪಾಸ್‌ವರ್ಡ್ ಕೇಳಿ ಖಚಿತಪಡಿಸಿಕೊಳ್ಳುತ್ತದೆ. ಅದನ್ನು ತೆಗೆದರೆ ಯಾರು ಬೇಕಾದರೂ ಪರದೆಯವರೆಗೆ ಬಂದು ನಿಲ್ಲಬಹುದು. ಕೆಲವು ವರ್ಷಗಳ ಹಿಂದಾಗಿದ್ದರೆ ನಾನೂ ತೆಗೆದುಬಿಡುತ್ತಿದ್ದೆ. "ರೋಗಿಗಳ ವಿವರ ಉಂಟಲ್ಲ ಡಾಕ್ಟ್ರೇ, ಅದು ಇರಲಿ. ಯಾಕೆ ಬಿಡುದಿಲ್ಲ ಅಂತ ಅದರದ್ದೇ ಬಾಯಿಂದ ಕೇಳುವ," ಎಂದು ಈವೆಂಟ್ ವ್ಯೂವರ್ ತೆರೆದೆ.

ಅದು ಸರ್ವರಿನ ದಿನಚರಿ. ಸೆಕ್ಯುರಿಟಿ ವಿಭಾಗದಲ್ಲಿ ಆಗದೆ ಹೋದ ಲಾಗಿನ್‌ಗಳಿಗೆಲ್ಲ 4625 ಎಂಬ ಒಂದೇ ಸಂಖ್ಯೆ. ಅದನ್ನು ಹಾಕಿ ಸೋಸಿದೆ. ಅಕ್ಕನ ಹೆಸರಿನಲ್ಲಿ ಬೆಳಿಗ್ಗೆಯ ನಾಲ್ಕು ಸಾಲು ಬಂತು. ಮೊದಲನೆಯದನ್ನು ಬಿಚ್ಚಿ ಕಾರಣ ಓದಿದೆ: ಈ ಖಾತೆಯ ಪಾಸ್‌ವರ್ಡಿನ ಅವಧಿ ಮುಗಿದಿದೆ. ಎರಡನೆಯದೂ ಅದೇ. ಮೂರನೆಯದೂ ಅದೇ. ನಾಲ್ಕನೆಯದರಲ್ಲಿ ಮಾತ್ರ ಪಾಸ್‌ವರ್ಡ್ ತಪ್ಪು ಎಂದಿತ್ತು. ಹೊತ್ತು ನೋಡಿದೆ. ನಾನು ದೊಡ್ಡ ಅಕ್ಷರ ಹಾಕಿಸಿದ್ದು ಆಗಲೇ.

ಪಾಸ್‌ವರ್ಡ್ ಸರಿಯಿದ್ದರೆ ಮಾತ್ರ ಸರ್ವರ್ ಅದರ ಅವಧಿಯ ಮಾತೆತ್ತುತ್ತದೆ. ಎಂದರೆ ಅಕ್ಕ ಮೂರು ಸಲವೂ ಸರಿಯಾಗಿಯೇ ಹಾಕಿದ್ದರು. ಬೆಳಗಿನ ಒಂದೇ ಒಂದು ತಪ್ಪು ನಾನು ಹೇಳಿಕೊಟ್ಟದ್ದು.

ಮೂಲ ತಪ್ಪೂ ನನ್ನದೇ. ಎರಡು ತಿಂಗಳಿಗೊಮ್ಮೆ ಎಲ್ಲರೂ ಪಾಸ್‌ವರ್ಡ್ ಬದಲಿಸಬೇಕು ಎಂಬ ನಿಯಮವನ್ನು ಆ ವರ್ಷ ಸರ್ವರಿಗೆ ಹಾಕಿದವನು ನಾನು. ಅವಧಿ ಮುಗಿಯುವ ಮುಂಚೆ ಉಳಿದವರಿಗೆ ಪರದೆಯ ಮೇಲೆ ಸೂಚನೆ ಬಂದಿತ್ತು, ಬದಲಿಸಿಕೊಂಡಿದ್ದರು. ರಜೆಯಲ್ಲಿದ್ದವರಿಗೆ ಯಾವ ಪರದೆ? ಅವಧಿ ಮುಗಿದ ಮೇಲೆ ಪಾಸ್‌ವರ್ಡ್ ಬದಲಿಸಲು ಲಾಗಿನ್ ಪರದೆ ಬೇಕು. ಆ ಟಿಕ್ ಇರುವಲ್ಲಿ ದೂರದವರನ್ನು ಅಲ್ಲಿಯವರೆಗೆ ಬಿಡುವುದೇ ಇಲ್ಲ.

ಡಾಕ್ಟರಿಗೆ ಇದಿಷ್ಟನ್ನೂ ಹೇಳಿದೆ. ಅಕ್ಕನಿಗೆ ಏನನ್ನಿಸಿತೆಂಬುದನ್ನೂ ಹೇಳಿದೆ. ಅವರ ಮುಖ ಇಳಿಯಿತು. "ಛೆ, ಅವರು ಬಾರದಿದ್ರೆ ಬೆಳ್ತಂಗಡಿ ಮುಚ್ಚುದೇ ಅಂತ ನಾನು ಇಲ್ಲಿ ದಿನ ಎಣಿಸ್ತಾ ಇದ್ದೆ. ಅದನ್ನು ಅವರಿಗೆ ಒಂದು ದಿನವೂ ಹೇಳ್ಲಿಲ್ಲ ನೋಡಿ," ಎಂದರು.

ಅಕ್ಕನ ಖಾತೆಗೆ ತಾತ್ಕಾಲಿಕ ಪಾಸ್‌ವರ್ಡ್ ಹಾಕಿದೆ. ಮೊದಲ ಲಾಗಿನ್‌ನಲ್ಲೇ ಬದಲಿಸಬೇಕೆಂಬ ಗುರುತು ಇಡಲಿಲ್ಲ. ಇಟ್ಟಿದ್ದರೆ ಪುನಃ ಹೊರಗೇ ನಿಲ್ಲಬೇಕಾಗುತ್ತಿತ್ತು. ಫೋನ್ ಮಾಡಿದೆ.

"ಅಕ್ಕ, ನಿಮ್ಮದು ಸರಿಯೇ ಇತ್ತು. ಮೂರು ಸಲವೂ ಸರಿ ಇತ್ತು. ತಪ್ಪು ನಂದು."

"ಎಂತ?"

ಬಿಡಿಸಿ ಹೇಳಿದೆ. ನಿಯಮದ ವಿಷಯ, ರಜೆಯ ವಿಷಯ, ನಾಲ್ಕನೆಯ ಸಾಲಿನ ವಿಷಯ. ಅವರು ಕೇಳಿಸಿಕೊಂಡು, "ಹಾಗೆ ಬರೆದು ಉಂಟಾ ಅದರಲ್ಲಿ? ಸರಿ ಇತ್ತು ಅಂತ?" ಎಂದರು.

"ಉಂಟು. ಹೊತ್ತು ಸಮೇತ ಉಂಟು."

ತಾತ್ಕಾಲಿಕ ಪಾಸ್‌ವರ್ಡ್ ಹೇಳಿದೆ. ಒಳಗೆ ಹೋದರು. ಅಲ್ಲಿಂದ ಕಂಟ್ರೋಲ್, ಆಲ್ಟ್, ಎಂಡ್ ಮೂರನ್ನೂ ಒಟ್ಟಿಗೆ ಒತ್ತಿಸಿ ತಮಗೆ ಬೇಕಾದ ಹೊಸದನ್ನು ಅವರೇ ಹಾಕಿಕೊಳ್ಳುವಂತೆ ಮಾಡಿದೆ. ಡಾಕ್ಟರು ನನ್ನ ಕೈಯಿಂದ ಫೋನ್ ಇಸಿದುಕೊಂಡು ಹೊರಗೆ ಹೋದರು. ಏನು ಮಾತಾಡಿದರೋ ನನಗೆ ಕೇಳಿಸಲಿಲ್ಲ. ಬಹಳ ಹೊತ್ತು ಮಾತಾಡಿದರು.

ಅಜ್ಜನ ರಕ್ತ ಅಷ್ಟರಲ್ಲಿ ತೆಗೆದಾಗಿತ್ತು. ಪುಸ್ತಕದಲ್ಲಿ ಬರೆದ ಏಳು ಹೆಸರನ್ನು ಅಕ್ಕ ಹತ್ತು ಗಂಟೆಯೊಳಗೆ ಸರ್ವರಿಗೆ ಏರಿಸಿದರು. ಒಂದು ಟ್ಯೂಬಿನ ಹೆಸರೂ ಅದಲುಬದಲಾಗಿರಲಿಲ್ಲ.

ಮರುದಿನ ಬೇರೆ ಯಾವ ಕೆಲಸವಿಲ್ಲದಿದ್ದರೂ ಬೆಳ್ತಂಗಡಿಗೆ ಹೋದೆ. ಫೋನಿನಲ್ಲಿ ಕೇಳಿದ ಕ್ಷಮೆ ಸಾಕೆನ್ನಿಸಿರಲಿಲ್ಲ. ಅಕ್ಕ ಒಬ್ಬ ಹೆಂಗಸಿನ ತೋಳಿಗೆ ಹತ್ತಿ ಒತ್ತಿಸಿ ಕೂರಿಸುತ್ತಿದ್ದರು. ನನ್ನನ್ನು ಕಂಡು, "ಎಂತ, ಇವತ್ತು ಹಾಳಾಗ್ಲಿಲ್ಲವಲ್ಲ?" ಎಂದರು.

"ನಿಮ್ಮನ್ನು ನೋಡ್ಲಿಕ್ಕೆ ಬಂದದ್ದು."

ಕುರ್ಚಿ ತೋರಿಸಿದರು. ಕೇಳಿದಾಗ ಹೇಳಿದರು: ತಾಯಿ ವಾಕರ್ ಹಿಡಿದು ಅಡುಗೆಮನೆಯವರೆಗೆ ನಡೆಯುತ್ತಾರೆ, ಸಾರಿಗೆ ಉಪ್ಪು ಕಡಿಮೆಯೆಂದು ಬೈಯಲು ಸುರು ಮಾಡಿದ್ದಾರೆ. ನಾವಿಬ್ಬರೂ ನಕ್ಕೆವು. ಆಮೇಲೆ ಅವರು ದನಿ ತಗ್ಗಿಸಿ, "ನಿನ್ನೆ ಬೆಳಗ್ಗೆ ನಾನು ಜೋರಾಗಿ ಮಾತಾಡಿದೆ, ಬೇಸರ ಮಾಡ್ಕೊಳ್ಬೇಡಿ," ಎಂದರು.

ನಾನು ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತನ್ನು ಅವರೇ ಆಡಿಬಿಟ್ಟಿದ್ದರು.  "ಕ್ಷಮೆ ಕೇಳ್ಬೇಕಾದ್ದು ನಾನು ಅಕ್ಕ, ಪರವಾಗಿಲ್ಲ ಅಂತ ಹೇಳ್ಬೇಕಾದ್ದು ನೀವು," ಎಂದೆ.