ಏರಿನಲ್ಲಿ ಮಾತ್ರ ಬರುತ್ತಿದ್ದ ಹಲ್ಲುನೋವು

2000ನೇ ಇಸವಿ. ಆಗ ನಾನು ಬೆಳಗಾವಿಯ ಹಿಂದವಾಡಿಯಲ್ಲಿ ಒಬ್ಬ ಮೂಳೆ ತಜ್ಞರ ದವಾಖಾನೆಗೆ ಹೊಂದಿಕೊಂಡಿದ್ದ ಎರಡು ಕೋಣೆಗಳಲ್ಲಿ ಫಿಸಿಯೋಥೆರಪಿಸ್ಟ್ ಆಗಿ ಕೆಲಸ ಮಾಡುತ್ತಿದ್ದೆ. ಮುರಿದು ಕೂಡಿದ ಕೈಕಾಲುಗಳಿಗೆ, ಸವೆದ ಕೀಲುಗಳಿಗೆ, ಹಿಡಿದುಕೊಂಡ ಬೆನ್ನುಗಳಿಗೆ ವ್ಯಾಯಾಮ ಹೇಳಿಕೊಡುವುದು ನನ್ನ ವೃತ್ತಿ. ನನ್ನ ಹತ್ತಿರ ಬರುವವರು ಸಾಯುವ ರೋಗಿಗಳಲ್ಲ ಎಂಬ ನೆಮ್ಮದಿ ಆ ಕೆಲಸದಲ್ಲಿತ್ತು. ಬಸಲಿಂಗಪ್ಪನವರು ಆ ನೆಮ್ಮದಿಯನ್ನು ಕೆಡಿಸಿದರು.

ಅವರು ಖಾನಾಪುರದವರು. ಅರಣ್ಯ ಇಲಾಖೆಯಲ್ಲಿ ರೇಂಜರ್ ಆಗಿ ನಿವೃತ್ತರಾದವರು. ತಾಲೂಕಿನ ಕಾಡೆಲ್ಲ ಕಾಲಿನಲ್ಲೇ ಅಳೆದಿದ್ದ ಮನುಷ್ಯನಿಗೆ ಮನೆಯಲ್ಲಿ ಕೂರುವುದು ಆಗದೆ, ನಿವೃತ್ತಿಯ ಮರುದಿನದಿಂದಲೇ ಬೆಳಿಗ್ಗೆ ಜಾಗಿಂಗ್ ಹಿಡಿದಿದ್ದರು. ಡಾಂಬರು ರಸ್ತೆಯ ಮೇಲೆ, ಕ್ಯಾನ್ವಾಸ್ ಬೂಟು ಹಾಕಿಕೊಂಡು. ಎರಡು ವರ್ಷದಲ್ಲಿ ಬಲಗಾಲಿನ ಮೊಳಕಾಲು ಬಾತು, ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿಯುವಂತಾಯಿತು. ನಿಂತ ಭಂಗಿಯಲ್ಲಿ ತೆಗೆದ ಎಕ್ಸ್‌ರೇಯಲ್ಲಿ ಕೀಲಿನ ಒಳಬದಿಯ ಸಂದು ಕಿರಿದಾಗಿತ್ತು. ಎಲುಬಿನ ತುದಿಗೆ ಹೊದಿಕೆಯಂತಿರುವ ಮೃದ್ವಸ್ಥಿ ಸವೆಯುವ ಈ ತೊಂದರೆಗೆ ಆಸ್ಟಿಯೋಆರ್ಥ್ರೈಟಿಸ್ ಎನ್ನುತ್ತಾರೆ.

"ಓಡೂದು ಬಂದ್ ಮಾಡಂದ್ರ ನಾ ಏನ್ ಮಾಡ್ಲಿ ಬಾಯಾರ? ಕಟ್ಟಿ ಮ್ಯಾಲೆ ಕುಂತು ಹೋಗ್‌ಬರೋರ ಮಾರಿ ನೋಡ್ಲೇನು?" ಎಂದು ನನ್ನನ್ನು ಕೇಳಿದರು; ನಮ್ಮ ಕಡೆ ಹೆಂಗಸರಿಗೆ ಮರ್ಯಾದೆಯಿಂದ ಬಾಯಾರ ಎನ್ನುತ್ತಾರೆ. ಜೊತೆಗೆ ಬಂದಿದ್ದ ಅವರ ಹೆಂಡತಿ ಪಾರ್ವತೆವ್ವ ಬಾಯಿಗೆ ಸೆರಗು ಹಿಡಿದು ನಕ್ಕರು.

ಮೂಳೆ ತಜ್ಞರೂ ನಾನೂ ಕೂಡಿ ಸೈಕಲ್ ಸೂಚಿಸಿದೆವು. ಓಡುವಾಗ ಪ್ರತಿ ಹೆಜ್ಜೆಗೂ ಮೈಯ ಭಾರಕ್ಕಿಂತ ಎಷ್ಟೋ ಹೆಚ್ಚಿನ ಪೆಟ್ಟು ಮೊಳಕಾಲಿಗೆ ಬೀಳುತ್ತದೆ. ಸೈಕಲ್ ಮೇಲೆ ಭಾರವನ್ನು ಸೀಟು ಹೊರುತ್ತದೆ. ಕಾಲು ಸುತ್ತುತ್ತದೆಯೇ ಹೊರತು ನೆಲಕ್ಕೆ ಅಪ್ಪಳಿಸುವುದಿಲ್ಲ. ತೊಡೆಯ ಮುಂಭಾಗದ ಸ್ನಾಯು ಬಲವಾದಷ್ಟೂ ಕೀಲಿಗೆ ಆಸರೆ.

ಮೊದಲ ಕೆಲವು ದಿನ ನೋವು ಹೆಚ್ಚಾಯಿತು. ಮೊಳಕಾಲ ಮುಂಭಾಗದಲ್ಲಿ, ಚಿಪ್ಪಿನ ಅಡಿಯಲ್ಲೇ. ಅವರ ಸೈಕಲ್ಲನ್ನು ಬಸ್ಸಿನ ಮೇಲೆ ಹಾಕಿಸಿ ತರಲು ಹೇಳಿದೆ. ಗೇರಿಲ್ಲದ ಹಳೆಯ ಕಪ್ಪು ಸೈಕಲ್ಲು. ನಿಂತರೆ ಎರಡೂ ಪಾದ ಪೂರ್ತಿ ನೆಲಕ್ಕೆ ಊರಬೇಕೆಂದು ಸೀಟನ್ನು ತೀರ ಇಳಿಸಿಕೊಂಡಿದ್ದರು. ಸೀಟು ತಗ್ಗಿದ್ದರೆ ಪೆಡಲ್ ಮೇಲೆ ಬಂದಾಗ ಮೊಳಕಾಲು ಅತಿಯಾಗಿ ಮಡಚಿ, ಚಿಪ್ಪು ತೊಡೆಯೆಲುಬಿಗೆ ಒತ್ತುತ್ತದೆ. ತೀರ ಎತ್ತರವಿದ್ದರೆ ಸೊಂಟ ಆ ಕಡೆ ಈ ಕಡೆ ಜಗ್ಗಿ, ಮೊಳಕಾಲ ಹಿಂಬದಿ ನೋಯುತ್ತದೆ. ಅವರನ್ನು ಗೋಡೆಗೆ ಆನಿಸಿ ಕೂರಿಸಿ, ಪೆಡಲ್ ಕೆಳಗಿದ್ದಾಗ ಹಿಮ್ಮಡಿ ತಾಗಿ ಕಾಲು ನೆಟ್ಟಗಾಗುವಷ್ಟು ಸೀಟು ಏರಿಸಿದೆ. ತುಳಿಯುವಾಗ ಹಿಮ್ಮಡಿಯ ಬದಲು ಪಾದದ ಮುಂಭಾಗ ಇಟ್ಟರೆ ಮೊಳಕಾಲಲ್ಲಿ ಬೇಕಾದಷ್ಟು ಸಣ್ಣ ಬಾಗು ಉಳಿಯುತ್ತದೆ.

"ಒತ್ತಿ ತುಳೀಬ್ಯಾಡ್ರಿ ಸಾಹೇಬ್ರ, ಹಗೂರಕ ತಿರುವ್ರಿ. ಏರು ಬಂತಂದ್ರ ಇಳದು ದಬ್ಕೊಂಡು ಹೋಗ್ರಿ" ಎಂದೆ.

ಮಳೆಗಾಲ ಮುಗಿಯುವ ಹೊತ್ತಿಗೆ ಬಾವು ಇಳಿದಿತ್ತು. ದಸರೆಯ ನಂತರ ಹೆಂಡತಿಯ ಜೊತೆ ಬಂದಾಗ ಬಸಲಿಂಗಪ್ಪನವರು ಗೋಡೆ ಹಿಡಿಯದೆ ಮೆಟ್ಟಿಲೇರಿ ಬಂದರು. ಬೀಡಿ ಎಂಬ ಊರಿನ ಕಡೆಯ ರಸ್ತೆಯಲ್ಲಿ ದಿನಾಲೂ ಹೋಗಿ ಬರುತ್ತಿದ್ದಾರಂತೆ, ಈಗ ಏರಿನಲ್ಲೂ ಇಳಿಯುವುದಿಲ್ಲವಂತೆ, ಮುಂದಿನ ವಾರ ಹಲಸಿಯವರೆಗೆ ಹೋಗಿ ಗುಡಿ ನೋಡಿ ಬರುವವರಂತೆ.

"ಮೊಳಕಾಲ ಖರೇನ ಗುಣ ಆತ್ರಿ. ಈಗ ಹಲ್ಲಿಂದೊಂದು ಕಾಟ."

ನಾನು ಸುಮ್ಮನೆ ಮಾತಿಗೆ, "ಹಲ್ಲಿನ ಡಾಕ್ಟರಿಗೆ ತೋರಿಸೀರೇನು?" ಎಂದೆ.

ಎಡಗಡೆಯ ಕೆಳದವಡೆಯಲ್ಲಿ ಹುಳುಕಾದ ಹಲ್ಲೊಂದಿತ್ತು, ಅದನ್ನು ಕೀಳಿಸಿಯೂ ಆಗಿತ್ತು. ಆದರೂ ನೋವು ಹೋಗಿರಲಿಲ್ಲ. ಊಟ ಮಾಡುವಾಗ ಇಲ್ಲ, ತಣ್ಣೀರು ಕುಡಿದರೆ ಇಲ್ಲ, ಮಲಗಿದಾಗಲೂ ಇಲ್ಲ.

"ಮತ್ತ ಯಾವಾಗ?"

"ಏರು ಹತ್ತೂ ಮುಂದ ಅಷ್ಟರೀ. ಗದ್ದ ಹಿಡದು ಕಿವಿ ತನಕ ಜಗ್ಗತೈತಿ. ಮ್ಯಾಲೆ ಹೋಗಿ ನಿಂತ್ನೆಂದ್ರ ತಾನ ಬಿಡತೈತಿ."

ನನ್ನ ಕೈ ಅವರ ಮೊಳಕಾಲ ಮೇಲಿತ್ತು. ಅಲ್ಲೇ ನಿಂತಿತು. ನಾನು ಇನ್ನೊಂದು ಪ್ರಶ್ನೆ ಕೇಳುವಷ್ಟರಲ್ಲಿ, ತಾನು ಎಷ್ಟು ಸುಧಾರಿಸಿದ್ದೇನೆಂದು ತೋರಿಸುವ ಹುರುಪಿನಲ್ಲಿ ಅವರು ಮೂಲೆಯಲ್ಲಿದ್ದ ವ್ಯಾಯಾಮದ ಸೈಕಲ್ ಹತ್ತಿ ತುಳಿಯತೊಡಗಿದ್ದರು. "ಇಳೀರಿ ಸಾಹೇಬ್ರ" ಎಂದೆ. ನಗುತ್ತಲೇ ಇನ್ನಷ್ಟು ಜೋರು ಮಾಡಿದರು. ಆಮೇಲೆ ನಗು ಮುಖದಲ್ಲೇ ಹೆಪ್ಪುಗಟ್ಟಿತು. ಎಡಗೈ ಹ್ಯಾಂಡಲ್ ಬಿಟ್ಟು ತಾನಾಗಿ ದವಡೆಗೆ ಹೋಯಿತು.

"ಬಂತ ನೋಡ್ರಿ" ಎಂದರು.

ಅವರನ್ನು ಇಳಿಸಿ ಕೂರಿಸಿದೆ. ಹಣೆಯಲ್ಲಿ ಬೆವರು ಕಂಡಿತು, ಕೈ ತಣ್ಣಗಿತ್ತು. ಸ್ವಲ್ಪ ಹೊತ್ತಿನಲ್ಲಿ ನೋವು ಬಿಟ್ಟಿತು, ಅವರು ಮತ್ತೆ ನಕ್ಕರು. ನನಗೆ ನಗು ಬರಲಿಲ್ಲ. ಹೃದಯದ ಸ್ನಾಯುವಿಗೆ ರಕ್ತ ಸಾಲದಾದಾಗ ಹುಟ್ಟುವ ನೋವಿಗೆ ಆಂಜೈನಾ ಎನ್ನುತ್ತಾರೆ. ಅದು ಎದೆಯಲ್ಲೇ ಬರಬೇಕೆಂದಿಲ್ಲ. ತೋಳಿಗೆ, ಬೆನ್ನಿಗೆ, ದವಡೆಗೂ ಬರುತ್ತದೆ. ಶ್ರಮಪಟ್ಟಾಗ ಬಂದು ವಿಶ್ರಾಂತಿಗೆ ಹೋಗುವುದು ಅದರ ಗುರುತು. ಓಡುತ್ತಿದ್ದ ಕಾಲದಲ್ಲಿ ಹೃದಯ ತನ್ನ ಮಿತಿ ಮುಟ್ಟುವ ಮೊದಲೇ ಮೊಳಕಾಲು ಅವರನ್ನು ನಿಲ್ಲಿಸುತ್ತಿತ್ತು. ಸೈಕಲ್ಲು ಆ ತಡೆಯನ್ನು ತೆಗೆದುಹಾಕಿತು. ಏರಿನಲ್ಲಿ ತೊಡೆಗಳು ಬೇಡುವಷ್ಟು ರಕ್ತವನ್ನು ಪಂಪು ಮಾಡಲು ಹೋಗಿ ಹೃದಯಕ್ಕೇ ರಕ್ತ ಸಾಲದಾಗುತ್ತಿತ್ತು.

ನಮ್ಮ ಬೀದಿಯಲ್ಲೇ ಇದ್ದ ಫಿಜಿಷಿಯನ್ ಹತ್ತಿರ ಅವರಿಬ್ಬರನ್ನೂ ನಾನೇ ಕರೆದುಕೊಂಡು ಹೋದೆ. ಇಸಿಜಿ ಸರಿಯಾಗಿತ್ತು. ಬಸಲಿಂಗಪ್ಪನವರು ಆ ಕಾಗದದ ಪಟ್ಟಿಯನ್ನು ಹೆಂಡತಿಗೆ ತೋರಿಸಿ, "ನೋಡು, ಎಂಜಿನ್ ಹೊಸಾದೈತಿ" ಎಂದರು. ಫಿಜಿಷಿಯನ್ ನಗಲಿಲ್ಲ. ಮಲಗಿರುವಾಗ ಕಿರಿದಾದ ರಕ್ತನಾಳವೂ ಸಾಕಾಗುತ್ತದೆ, ಹಾಗಾಗಿ ಪಟ್ಟಿ ಚೊಕ್ಕವಾಗಿ ಬರುತ್ತದೆ. ತಜ್ಞರ ಎದುರು ಟ್ರೆಡ್‌ಮಿಲ್ ಮೇಲೆ ನಡೆಸಿ ಇಸಿಜಿ ತೆಗೆಯಬೇಕು ಎಂದು ಬಿಡಿಸಿ ಹೇಳಿದರು. ಆಸ್ಪಿರಿನ್ ಕೊಟ್ಟರು. ನೋವು ಬಂದರೆ ನಾಲಿಗೆಯ ಕೆಳಗಿಡಲು ಸಣ್ಣ ಗುಳಿಗೆ ಕೊಟ್ಟರು. ಸೈಕಲ್ ಬೇಡ, ಏದುಸಿರು ಬರುವ ಯಾವ ಕೆಲಸವೂ ಬೇಡ ಎಂದರು. ದೊಡ್ಡ ಆಸ್ಪತ್ರೆಯಲ್ಲಿ ಹೃದಯ ತಜ್ಞರ ದಿನ ಗೊತ್ತುಮಾಡಿ ಫೋನ್ ಮಾಡುವುದಾಗಿ ನಾನು ಹೇಳಿದೆ.

"ಸೈಕಲ್ ಮುಟ್ಟೂದಿಲ್ಲ, ಮುಗೀತಲ್ಲ" ಎಂದು ಅವರು ಖಾನಾಪುರದ ಬಸ್ಸು ಹತ್ತಿದರು. ಕಿಟಕಿಯಿಂದ ಪಾರ್ವತೆವ್ವ ನನ್ನನ್ನೇ ನೋಡುತ್ತಿದ್ದರು.

ತಜ್ಞರ ದಿನ ಅಂದು ರಾತ್ರಿ ತಡವಾಗಿ ಸಿಕ್ಕಿತು. ಮರುದಿನ ಬೆಳಿಗ್ಗೆ ದವಾಖಾನೆಯ ಬಾಗಿಲು ತೆಗೆಯುತ್ತಲೇ ಫೋನ್ ಮಾಡಿದೆ. ಪಾರ್ವತೆವ್ವ ಎತ್ತಿದರು.

"ಅವ್ರು ಇಲ್ರಿ ಬಾಯಾರ. ಓಡಾಕ ಹೋಗ್ಯಾರ."

"ಏನಂದ್ರಿ?"

"ಸೈಕಲ್ ಅಷ್ಟ ಬ್ಯಾಡಂದಾರ, ಮೊಳಕಾಲ ಹೆಂಗೂ ಗಟ್ಟಿ ಆಗೈತಿ ಅಂತ ಹಳೇ ಬೂಟು ಹಾಕ್ಕೊಂಡು ಹೋದ್ರು. ಇಷ್ಟೊತ್ತಿಗೆ ಬರಬೇಕಿತ್ತರೀ."

ಹೊರಗೆ ಚಳಿಯ ಬೆಳಗು. ನಾವು ತಿಂಗಳುಗಟ್ಟಲೆ ದುಡಿದು ಗಟ್ಟಿ ಮಾಡಿದ್ದ ಮೊಳಕಾಲು ಅವರನ್ನು ಈಗ ಎಷ್ಟು ದೂರ ಒಯ್ದಿದೆಯೋ ಎಂದುಕೊಳ್ಳುತ್ತಲೇ ಕೇಳಿದೆ:

"ನಾಲಿಗಿ ಕೆಳಗ ಇಡೂ ಗುಳಿಗಿ ಅವರ ಕಡೆ ಐತೇನ್ರಿ?"

ಅವರು ಫೋನ್ ಬದಿಗಿಟ್ಟು ಒಳಗೆ ನೋಡಿ ಬಂದರು. ಬಳಿಕ, "ನಿನ್ನಿ ಅಂಗಿ ಕಿಸೇದಾಗ ಐತ್ರಿ. ಅಂಗಿ ಗೂಟಕ್ಕ ಐತಿ" ಎಂದರು.

ಗುಳಿಗೆಯನ್ನೂ ಆಸ್ಪಿರಿನ್ನನ್ನೂ ತೆಗೆದುಕೊಂಡು, ಯಾರದಾದರೂ ಗಾಡಿಯಲ್ಲಿ ಅವರು ಓಡುವ ದಾರಿಯಲ್ಲೇ ಹೋಗಿರಿ. ಸಿಕ್ಕಲ್ಲೇ ಕೂರಿಸಿ, ಒಂದು ಹೆಜ್ಜೆಯನ್ನೂ ನಡೆಸಬೇಡಿ. ನೋವಿದ್ದರೆ ಗುಳಿಗೆಯನ್ನು ನಾಲಿಗೆಯ ಕೆಳಗಿಟ್ಟು, ಆಸ್ಪಿರಿನ್ ಅಗಿಸಿ; ಮನೆಗೆ ಬೇಡ, ನೇರ ಬೆಳಗಾವಿಗೆ ಎಂದು ಹೇಳಿದೆ. ಆ ತಾಯಿ ಒಂದು ಮಾತನ್ನೂ ಮರೆಯಲಿಲ್ಲ. ಬಾಜೂ ಮನೆಯ ಮರಾಠಿ ರೈತರೊಬ್ಬರು ಜೀಪು ತೆಗೆದರು. ಊರು ದಾಟಿದ ಮೇಲೆ ರಸ್ತೆ ಬದಿಯ ಮೋರಿಯ ಕಟ್ಟೆಯ ಮೇಲೆ ಬಸಲಿಂಗಪ್ಪನವರು ಎರಡೂ ಕೈಯಲ್ಲಿ ಎದೆ ಅವುಚಿಕೊಂಡು ಕುಳಿತಿದ್ದರು. ಮುಖ ಬೂದಿ ಬಣ್ಣಕ್ಕೆ ತಿರುಗಿ, ಬನಿಯನ್ ತೊಯ್ದು ಮೈಗೆ ಅಂಟಿತ್ತು. ಹೆಂಡತಿಯನ್ನು ನೋಡಿ ಅವರು ಹೇಳಿದ್ದು ಒಂದೇ ಮಾತು:

"ಪಾರೂ, ಇದು ಹಲ್ಲಲ್ಲ."

ಇತ್ತ ಫೋನ್ ಇಟ್ಟವಳೇ ನಾನು ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೆ ವಿಷಯ ತಿಳಿಸಿ ಬಾಗಿಲಲ್ಲಿ ಕಾಯುತ್ತ ನಿಂತೆ. ಎಷ್ಟು ಹೊತ್ತಾದರೂ ಜೀಪು ಬರಲಿಲ್ಲ. ಖಾನಾಪುರ ರಸ್ತೆಯ ರೈಲ್ವೆ ಗೇಟು ಮುಚ್ಚಿತ್ತೆಂದು ಆಮೇಲೆ ತಿಳಿಯಿತು. ಅದಿರು ತುಂಬಿದ ಗೂಡ್ಸ್ ಗಾಡಿ ಡಬ್ಬಿ ಡಬ್ಬಿಯಾಗಿ ಹಾಯುತ್ತಿರುವಾಗ ಪಾರ್ವತೆವ್ವ ಗಂಡನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಉಸಿರು ಬರುತ್ತಿದೆಯೇ ಎಂದು ಮೂಗಿಗೆ ಬೆರಳು ಹಿಡಿದೇ ಕುಳಿತಿದ್ದರಂತೆ.

ಕೊನೆಗೂ ಜೀಪು ಬಂತು. ಈ ಸಲ ಇಸಿಜಿ ಚೊಕ್ಕವಾಗಿರಲಿಲ್ಲ. ಹೃದಯದ ಮುಂಭಾಗಕ್ಕೆ ರಕ್ತ ಒಯ್ಯುವ ನಾಳದಲ್ಲಿ ರಕ್ತ ಹೆಪ್ಪುಗಟ್ಟಿ ದಾರಿ ಮುಚ್ಚಿತ್ತು. ಹೆಪ್ಪು ಕರಗಿಸುವ ಸ್ಟ್ರೆಪ್ಟೊಕೈನೇಸ್ ಔಷಧವನ್ನು ನಿಧಾನವಾಗಿ ಹನಿಹನಿಯಾಗಿ ಹರಿಸಿದರು. ನಡುವೆ ನಾಡಿ ತಪ್ಪಿತು, ಪರದೆ ಎಳೆದರು. ಪರದೆಯ ಹಿಂದೆ ಓಡಾಡುವ ಚಪ್ಪಲಿಗಳಷ್ಟೇ ನಮಗೆ ಕಾಣುತ್ತಿದ್ದವು. ಪಾರ್ವತೆವ್ವ ನನ್ನ ಕೈ ಹಿಡಿದಿದ್ದರು. ಬಹಳ ಹೊತ್ತಿನ ಮೇಲೆ ಹೃದಯ ತಜ್ಞರು ಹೊರಬಂದು, "ಜೀವಂತ ಅದಾರ. ಆದ್ರ ಹೃದಯದ ಒಂದು ಭಾಗ ಸತ್ತೈತಿ" ಎಂದರು.

ಆಮೇಲೆ ಬೈಪಾಸ್ ಶಸ್ತ್ರಚಿಕಿತ್ಸೆ ಆಯಿತು. ಮುಂದಿನ ಬೇಸಿಗೆಯಲ್ಲಿ ತಜ್ಞರ ಅನುಮತಿಯೊಂದಿಗೆ ಅವರು ಮತ್ತೆ ನನ್ನ ಕೋಣೆಗೆ ಬಂದರು. ಇಳಿದುಹೋಗಿದ್ದರು, ಮಾತಿನ ನಡುವೆ ಉಸಿರು ತೆಗೆದುಕೊಳ್ಳುತ್ತಿದ್ದರು. ಮೂಲೆಯ ಅದೇ ವ್ಯಾಯಾಮದ ಸೈಕಲ್ ಮೇಲೆ, ಪೆಡಲಿಗೆ ಯಾವ ಬಿಗಿಯೂ ಇಲ್ಲದೆ, ಮಾತಾಡುತ್ತ ತುಳಿಯುವಷ್ಟೇ ವೇಗದಲ್ಲಿ ತುಳಿಸಿದೆ.

"ಓಡೂದು ಬ್ಯಾರೆ, ಸೈಕಲ್ ಬ್ಯಾರೆ ಅಂತ ತಿಳಕೊಂಡಿದ್ನಿ ಬಾಯಾರ."

"ಮೊಳಕಾಲಿಗೆ ಬ್ಯಾರೆ ಹೌದ್ರಿ. ಹೃದಯಕ್ಕ ಎರಡೂ ದುಡಿಮೀನ."

ಅವರು ತಲೆಯಾಡಿಸಿದರು. ಪಾರ್ವತೆವ್ವ ಕುರ್ಚಿ ಕೊಟ್ಟರೂ ಕೂರದೆ ಎದುರಿಗೇ ನಿಂತು ಗಂಡನ ಎಡಗೈಯನ್ನು ನೋಡುತ್ತಿದ್ದರು. ಅದು ಹ್ಯಾಂಡಲ್ ಬಿಡುತ್ತದೆಯೇ ಎಂದು.

ಬಸಲಿಂಗಪ್ಪನವರು ಆಮೇಲೆ ಕೆಲವು ವರ್ಷ ಬದುಕಿದರು. ಹಲಸಿಗೆ ಸೈಕಲ್ ಮೇಲೆ ಹೋಗುವುದು ಮಾತ್ರ ಕೂಡಿಬರಲಿಲ್ಲ. ಒಂದು ಕೀಲಿನ ನೋವು ಹೇಳಿಕೊಂಡು ಬಂದವರ ಇಡೀ ದೇಹ ಜೊತೆಗೆ ಬಂದಿರುತ್ತದೆಂಬುದನ್ನೂ, ಅದರ ಒಂದು ತೊಂದರೆ ಇಳಿದಾಗ ಅದರ ಮರೆಯಲ್ಲಿದ್ದ ಇನ್ನೊಂದು ಎದ್ದು ನಿಲ್ಲಬಹುದೆಂಬುದನ್ನೂ ಅವರು ನನಗೆ ಕಲಿಸಿದರು. ನಿವೃತ್ತಳಾಗುವವರೆಗೂ, ಯಾರೇ ಆ ಸೈಕಲ್ ಹತ್ತಿದರೂ, ನಾನು ಮೊದಲು ಅವರ ಮುಖ ನೋಡುತ್ತಿದ್ದೆ. ಮೊಳಕಾಲು ಆಮೇಲೆ.